ಸಹಿಯಾದ ಮೇಲೆ ಒಂದು ಸಾಲು

ಕಣ್ಣಾಸ್ಪತ್ರೆಯ ಪ್ರಚಾರ ವಿಭಾಗದಲ್ಲಿದ್ದವರು ಮೂವರೇ. ತಪಾಸಣಾ ಶಿಬಿರದ ಪೋಸ್ಟ್ ತಪ್ಪು ತಾರೀಖು ಹೊತ್ತು ಹೋಗಿ, ವಯಸ್ಸಾದವರೆಲ್ಲ ಮುಚ್ಚಿದ ಬಾಗಿಲು ನೋಡಿ ಮರಳಿದಾಗ ಬೈಸಿಕೊಂಡವಳು ಅವರಲ್ಲೊಬ್ಬಳಾದ ಸಂಪಾದಕಿ. ಮೈ ಉರಿದುಹೋಗಿ ಅವಳೇ ಕ್ಯಾಲೆಂಡರ್ ಮಾಡಿ ಗೋಡೆಗೆ ಅಂಟಿಸಿದಳು: ಸೋಮವಾರ ಬರಹ, ಬುಧವಾರ ಡಾಕ್ಟರ ಪರಿಶೀಲನೆ, ಗುರುವಾರ ಮಾಲೀಕರ ಸಹಿ, ಶನಿವಾರ ಪ್ರಕಟಣೆ. ಸಹಿಯ ನಂತರ ಒಂದಕ್ಷರ ಬದಲಾದರೂ ಮತ್ತೆ ಡಾಕ್ಟರ ಬಳಿಗೆ.

ಮೊದಲ ಶನಿವಾರವೇ ಮಾಲೀಕರು ಫೋನ್ ಮಾಡಿದರು. "ಒಂದು ಸಾಲು ಬದಲಾಯಿಸಿದೀನಿ. ಹಾಗೇ ಹಾಕ್ಬಿಡಮ್ಮ."

"ಆಗಲ್ಲ ಸರ್. ಮತ್ತೆ ಡಾಕ್ಟರ್ ನೋಡ್ಬೇಕು, ಪೋಸ್ಟ್ ಸೋಮವಾರ ಹೋಗತ್ತೆ."

"ಯಾರೋ ತಾರೀಖು ತಪ್ಪು ಮಾಡಿದ್ದಕ್ಕೆ ನಾನ್ಯಾಕೆ ಕಾಯ್ಲಿ?"

ಅವಳ ದನಿ ಗಟ್ಟಿಯಾಯಿತು. "ಆ ಯಾರೋ ನೀವೇ ಸರ್. ಅವತ್ತೂ ಕೊನೇ ಗಳಿಗೇಲಿ ತಾರೀಖಿನ ಸಾಲು ಬದಲಾಯಿಸಿ, 'ಹಾಗೇ ಹಾಕ್ಬಿಡಮ್ಮ' ಅಂತ ಮೆಸೇಜ್ ಹಾಕಿದ್ರಿ. ಇನ್ನೂ ಇದೆ. ಕಳಿಸ್ಲಾ?"