ನಾಲ್ಕು ನಿಮಿಷ ನಲವತ್ತು ಸೆಕೆಂಡಿನ ಮಾತು

ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದ ಮೇಲೂ ಆಕೆಗೆ ಕೆಲಸ ತಪ್ಪಲಿಲ್ಲ. ಅರವತ್ತನಾಲ್ಕು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಅವರನ್ನು ‘ಪ್ರೂಫಮ್ಮ’ ಎಂದೇ ಕರೆಯುತ್ತಿದ್ದರು. ನಿವಾಸಿಗಳ ಗ್ರೂಪಿಗೆ ಏನು ಹಾಕಬೇಕಾದರೂ ಸಂಘದ ಕಾರ್ಯದರ್ಶಿ ಮೊದಲು ಅವರಿಗೆ ಕಳಿಸುತ್ತಿದ್ದ.

ಮಂಗಳವಾರ ಸಂಜೆಯೂ ಕಳಿಸಿದ. ಹಿಂದಿನ ದಿನ ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತು, ಮೂರನೇ ಮಹಡಿಯ ಹೆಂಗಸೊಬ್ಬಳು ಎರಡು ವರ್ಷದ ಮಗುವಿನೊಂದಿಗೆ ನಲವತ್ತು ನಿಮಿಷ ಒಳಗೇ ಸಿಕ್ಕಿಕೊಂಡಿದ್ದಳು. ಮಂಗಳವಾರ ಮೆಕ್ಯಾನಿಕ್ ಬಂದು ನೋಡಿ, ಕೆಳಗಿನ ಹಜಾರದಲ್ಲೇ ನಿಂತು ವಾಯ್ಸ್ ನೋಟ್ ಮಾಡಿ ಕಾರ್ಯದರ್ಶಿಗೆ ಹಾಕಿದ್ದ. ಅದನ್ನು ಫೋನೇ ಅಕ್ಷರಕ್ಕಿಳಿಸಿತ್ತು.

“ಮೇಡಂ, ಇವ್ನು ಮಾತಾಡೋದು ರಾಮಾಯಣ. ಸ್ವಲ್ಪ ನೀಟಾಗಿ ನಾಲ್ಕು ಸಾಲು ಮಾಡ್ಕೊಡಿ. ಜನ ನನ್ನ ತಲೆ ತಿಂತಾ ಇದಾರೆ,” ಎಂದು ಕಾರ್ಯದರ್ಶಿ ಫೋನ್ ಮಾಡಿದ.

“ಆಡಿಯೋನೂ ಕಳ್ಸಿದೀರಾ?”

“ಕಳ್ಸಿದೀನಿ. ಅದನ್ನ ಕೇಳೋ ಸಹನೆ ಯಾರಿಗಿದೆ? ಬರ್ದಿದ್ದೇ ಸಾಕು.”

ಸಾಕೆಂದು ಪ್ರೂಫಮ್ಮನಿಗೂ ಅನ್ನಿಸಿತು. ಬರಹ ಬಂದಾಗ ತಿದ್ದುವುದು ಅವರಿಗೆ ಉಸಿರಾಟದಷ್ಟೇ ಸಲೀಸು. ಪೂರ್ಣವಿರಾಮವೇ ಇಲ್ಲದ ಎರಡು ಪುಟದ ಗೋಜಲು ಅದು: “…ಅಂದ್ರೆ ಏನಪ್ಪಾಂದ್ರೆ ಮೂರನೇ ಫ್ಲೋರ್ ಡೋರ್ ಕಾಂಟ್ಯಾಕ್ಟ್ ಸವೆದಿದೆ ನೋಡಿ ಮೊದ್ಲು ನಾನು ಮೋಟ್ರೇ ಅಂದ್ಕೊಂಡೆ ಮೋಟ್ರು ಸರಿ ಇದೆ ವಾಚ್‌ಮನ್ ಕೀ ಹಾಕಿ ಬಾಗ್ಲು ತೆಗ್ದಿದಾನೆ ಅದಕ್ಕೇ ನಿಂತಿದ್ದು ಹಂಗೆ ಬಾಗ್ಲು ತೆಗೆದ್ರೆ ಲಿಫ್ಟ್ ನಿಲ್ಲತ್ತೆ ನಿಲ್ಲಲೇಬೇಕು ಅದು ಸೇಫ್ಟಿ ಆಮೇಲೆ ಇನ್ನೊಂದು ವಿಷ್ಯ ಹಗ್ಗಕ್ಕೆ ಎಣ್ಣೆ…”

‘ಏನಪ್ಪಾಂದ್ರೆ’ ಹೋಯಿತು. ‘ನೋಡಿ’ ಹೋಯಿತು. ಮೋಟಾರಿನ ಅನುಮಾನ ಬಗೆಹರಿದಿದ್ದರಿಂದ ಅದೂ ಹೋಯಿತು. ಇಪ್ಪತ್ತು ನಿಮಿಷದಲ್ಲಿ ಗ್ರೂಪಿಗೆ ಸಿದ್ಧವಾಯಿತು:

“ಲಿಫ್ಟ್ ಪರಿಶೀಲನೆ – ಮೆಕ್ಯಾನಿಕ್ ವರದಿ.
೧. ವಾಚ್‌ಮನ್ ತುರ್ತು ಕೀಲಿ ಬಳಸಿ ಬಾಗಿಲು ತೆರೆದದ್ದರಿಂದ ಲಿಫ್ಟ್ ನಿಂತಿತು.
೨. ಮೂರನೇ ಮಹಡಿಯ ಬಾಗಿಲ ಕಾಂಟ್ಯಾಕ್ಟ್ ಸವೆದಿದೆ, ಬದಲಿಸಲಾಗುವುದು.
೩. ಮೋಟಾರ್ ಸುಸ್ಥಿತಿಯಲ್ಲಿದೆ.”

ಕಾರಣ ಮೊದಲು, ದುರಸ್ತಿ ಆಮೇಲೆ. ಓದುಗರಿಗೆ ಮುಖ್ಯವಾದದ್ದು ಮೇಲಿರಬೇಕು. ಅವರು ಕಲಿತದ್ದೇ ಹಾಗೆ. ಕಾರ್ಯದರ್ಶಿ ಕೈಮುಗಿದ ಚಿತ್ರ ಕಳಿಸಿ, ಇದ್ದದ್ದನ್ನು ಇದ್ದಹಾಗೆ ಗ್ರೂಪಿಗೆ ಹಾಕಿದ.

ಬುಧವಾರ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

ತರಕಾರಿ ಚೀಲ ಹಿಡಿದು ಬಂದ ಪ್ರೂಫಮ್ಮನನ್ನು ಮೂರನೇ ಮಹಡಿಯ ಹೆಂಗಸೇ ಮೆಟ್ಟಿಲ ಬಳಿ ತಡೆದಳು. ಮಗು ಸೊಂಟದ ಮೇಲಿತ್ತು.

“ಆಂಟಿ, ಅವ್ರನ್ನ ತೆಗ್ದೇಬಿಟ್ರಂತೆ. ಅದ್ಯಾಕೆ ಹಂಗೆ ಬರೆದ್ರು? ಕೀ ಹಾಕಿದ್ದು ಲಿಫ್ಟ್ ನಿಂತ್ಮೇಲೆ. ನಮ್ಮನ್ನ ಹೊರಗೆ ಎಳೆಯೋಕೆ. ಅರ್ಧ ಗಂಟೆ ಬಾಗ್ಲ ಸಂದಿಯಿಂದ ನನ್ನ ಮಗೂಗೆ ಕಥೆ ಹೇಳ್ತಾ ಕೂತಿದ್ರು ಆ ಮನುಷ್ಯ.”

“ಮೆಕ್ಯಾನಿಕ್ ಹಾಗಂದಿದಾನಲ್ಲಮ್ಮ.”

“ಅವ್ನೇನು ಅಲ್ಲಿದ್ನಾ?”

ಪ್ರೂಫಮ್ಮ ಮನೆಗೆ ಬಂದವರೇ ಚೀಲವನ್ನು ನೆಲದ ಮೇಲೆ ಬಿಟ್ಟು, ನಾಲ್ಕು ನಿಮಿಷ ನಲವತ್ತು ಸೆಕೆಂಡಿನ ಆ ಆಡಿಯೋ ಹಚ್ಚಿದರು. ಒಂದು ನಿಮಿಷ ಐವತ್ತು ಸೆಕೆಂಡಿಗೆ ಮೆಕ್ಯಾನಿಕ್ “ಮೋಟ್ರು ಸರಿ ಇದೆ” ಎಂದ. ಆಮೇಲೆ ಒಂದು ಬಾಗಿಲು ಬಡಿದ ಸದ್ದು. ಆಮೇಲೆ ಫೋನಿನಿಂದ ಸ್ವಲ್ಪ ದೂರದಲ್ಲಿ, ಇನ್ನೊಂದು ದನಿ: “ವಾಚ್‌ಮನ್ ಕೀ ಹಾಕಿ ಬಾಗ್ಲು ತೆಗ್ದಿದಾನೆ, ಅದಕ್ಕೇ ನಿಂತಿದ್ದು.” ಮೆಕ್ಯಾನಿಕ್ ಅದಕ್ಕೆ ಉತ್ತರವಾಗಿ, ಹಾಗೆ ತೆಗೆದರೆ ನಿಲ್ಲುತ್ತದೆ ಎಂದು ಮಾತ್ರ ಹೇಳಿದ್ದ. ಫೋನು ಇಬ್ಬರ ಮಾತನ್ನೂ ಒಂದೇ ಸಾಲಿಗೆ ಹೊಲಿದಿತ್ತು.

ಆ ಎರಡನೇ ದನಿಯನ್ನು ಗುರುತಿಸಲು ಮತ್ತೊಮ್ಮೆ ಕೇಳಬೇಕಾಗಿರಲಿಲ್ಲ. ಮೂವತ್ತಾರು ವರ್ಷದಿಂದ ಅದು ಇದೇ ಮನೆಯಲ್ಲಿ ಕಾಫಿ ಕೇಳುತ್ತಿತ್ತು.

“ರೀ, ಇಲ್ಲಿ ಬನ್ನಿ.”

ಯಜಮಾನರು ಪತ್ರಿಕೆ ಮಡಚಿಕೊಂಡು ಬಂದರು. ಪ್ರೂಫಮ್ಮ ಅದೇ ಜಾಗವನ್ನು ಕೇಳಿಸಿದರು.

“ಓಹೋ, ನನ್ ಮಾತೂ ರೆಕಾರ್ಡಾಗಿದೆ!”

“ನೀವು ನೋಡಿದ್ರಾ?”

“ಏನನ್ನ?”

“ಅವನು ಮೊದ್ಲು ಬಾಗ್ಲು ತೆಗೆದು, ಆಮೇಲೆ ಲಿಫ್ಟ್ ನಿಂತಿದ್ದು.”

“ಮೊನ್ನೆ ಕೀ ಅವನ ಕೈಲಿತ್ತು ಕಣೇ. ನಿನ್ನೆ ನಾನು ಹಾಲು ತರೋಕೆ ಹೋಗ್ತಾ ಇದ್ದೆ, ಎಲ್ರೂ ಹಂಗೇ ಅಂತಿದ್ರು, ನಾನೂ ಸುಮ್ನೆ ಒಂದು ಮಾತು ಅಂದೆ. ದಾರಿಲಿ ಹೋಗ್ತಾ ಆಡಿದ ಮಾತನ್ನ ಯಾರಾದ್ರೂ ಅಚ್ಚು ಹಾಕ್ತಾರೇನೇ?”

ಅಚ್ಚು ಹಾಕಿದವರು ಪ್ರೂಫಮ್ಮನೇ. ಮೂಲಪ್ರತಿ ನೋಡದೆ ಕರಡು ತಿದ್ದಬಾರದು ಎಂದು ಹೊಸಬರಿಗೆ ಮೂವತ್ತೊಂದು ವರ್ಷ ಹೇಳಿಕೊಟ್ಟಿದ್ದರು. ಮೂಲಪ್ರತಿ ತಮ್ಮ ಫೋನಿನಲ್ಲೇ ಇತ್ತು, ತೆರೆದಿರಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

“ಅಮ್ಮಾ, ನಾನು ಹೇಳಿದ್ದು ಕಾಂಟ್ಯಾಕ್ಟ್. ಅದು ಸವೆದ್ರೆ ಬಾಗ್ಲು ಮುಚ್ಚಿದ್ರೂ ತೆಗೆದ ಹಾಗೇ ಲೆಕ್ಕ, ಲಿಫ್ಟ್ ನಿಂತ್ಬಿಡತ್ತೆ. ನಿನ್ನೇನೂ ಎರಡು ಸಲ ನಿಂತಿತ್ತು ನನ್ನ ಮುಂದೇನೇ. ಆವಾಗ ಕೀ ಯಾರೂ ಹಾಕಿರ್ಲಿಲ್ಲ. ವಾಚ್‌ಮನ್ ವಿಷ್ಯ ಯಾರೋ ಯಜಮಾನ್ರು ಬಂದು ಹೇಳಿ ಹೋದ್ರು.”

“ಇದನ್ನ ಹಾಗೇ ಬರೀಲಾ?”

“ಬರೀರಿ. ನನ್ ಹೆಸರಲ್ಲೇ ಬರೀರಿ.”

ಪ್ರೂಫಮ್ಮ ಬರೆಯಲು ಕೂತಾಗ ಯಜಮಾನರು ಕುರ್ಚಿಯ ಹಿಂದೆ ಬಂದು ನಿಂತರು.

“ತಿದ್ದುಪಡಿ ಹಾಕು, ಬೇಡ ಅನ್ನಲ್ಲ. ಆದ್ರೆ ‘ಇನ್ನೊಬ್ಬರು’ ಅಂತ ಹಾಕು. ನಾಳೆ ನಾನು ಕೆಳಗೆ ಮುಖ ತೋರಿಸಬೇಕು.”

“ಅವನಿಗೂ ಒಂದು ಮುಖ ಇದೆ ರೀ.”

“ಅರವತ್ತನಾಲ್ಕು ಮನೆ ಕಣೇ!”

“ಮೊದ್ಲನೇದೂ ಅರವತ್ತನಾಲ್ಕು ಮನೆಗೇ ಹೋಗಿತ್ತು.”

ಅವರು ಹಾಕಿದ್ದು ಇಷ್ಟು: “ನಿನ್ನೆಯ ವರದಿಯ ಮೊದಲ ಅಂಶ ತಪ್ಪು. ಅದು ಮೆಕ್ಯಾನಿಕ್ ಹೇಳಿದ್ದಲ್ಲ. ಪಕ್ಕದಲ್ಲಿದ್ದ ನನ್ನ ಪತಿಯ ಊಹೆ. ಆಡಿಯೋ ಕೇಳದೆ ಬರೆದದ್ದು ನನ್ನ ತಪ್ಪು. ಲಿಫ್ಟ್ ನಿಂತದ್ದು ಸವೆದ ಕಾಂಟ್ಯಾಕ್ಟಿನಿಂದ. ವಾಚ್‌ಮನ್ ಕೀಲಿ ಬಳಸಿದ್ದು ಆಮೇಲೆ, ಒಳಗಿದ್ದವರನ್ನು ಹೊರತರಲು.” ಕೆಳಗೆ ಆಡಿಯೋ ಸೇರಿಸಿದರು.

ಒಂಬತ್ತು ಹೆಬ್ಬೆರಳು ಬಂದವು. ಮೂರನೇ ಮಹಡಿಯವಳು “ಸತ್ಯ” ಎಂದು ಬರೆದಳು. ಅದರ ಕೆಳಗೆ ಯಾರೋ ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಲ್ಲಿಂದ ಮಾತು ನೀರಿಗೆ ಹರಿಯಿತು. ಯಜಮಾನರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಾರ್ಯದರ್ಶಿಯಿಂದ ಕಾವಲು ಏಜೆನ್ಸಿಯ ಸೂಪರ್‌ವೈಸರ್ ನಂಬರ್ ಸಿಕ್ಕಿತು.

“ನೋಡ್ದೆ ಅಮ್ಮ, ನಿಮ್ ಸೆಕ್ರೆಟರಿ ಎರಡನೇದೂ ಕಳ್ಸಿದ್ರು,” ಎಂದ ಸೂಪರ್‌ವೈಸರ್. “ಆದ್ರೆ ಮೊದ್ಲನೇದನ್ನ ನಾನು ನಿನ್ನೇನೇ ನಮ್ಮ ಎಲ್ಲಾ ಸೈಟಿನ ಗ್ರೂಪಿಗೆ ಹಾಕ್ಬಿಟ್ಟೆ, ಎಲ್ರೂ ಹುಷಾರಾಗಿರ್ಲಿ ಅಂತ. ಒಂದು ಎರಡು ಮೂರು ಅಂತ ಎಷ್ಟು ಚೆನ್ನಾಗಿತ್ತು! ಈಗ ಎಲ್ಲಾ ಬಿಲ್ಡಿಂಗ್‌ನವ್ರೂ ಅವ್ನು ಬೇಡ ಅಂತಾರೆ.”

“ಅದೇ ಗ್ರೂಪಿಗೆ ಇದನ್ನೂ ಹಾಕಿ.”

“ಹಾಕ್ತೀನಿ. ಆದ್ರೆ ಐದು ನಿಮಿಷದ ಆಡಿಯೋನ ಯಾರು ಕೇಳ್ತಾರಮ್ಮ?”

ಕೊನೆಗೆ ವಾಚ್‌ಮನ್‌ಗೇ ಫೋನ್ ಮಾಡಿದರು. ಅವನು ಎಲ್ಲೋ ರಸ್ತೆ ಬದಿಯಲ್ಲಿದ್ದ. ಬಸ್ಸಿನ ಸದ್ದು ಕೇಳುತ್ತಿತ್ತು. ಪ್ರೂಫಮ್ಮ ತಾವೇ ಬರೆದದ್ದೆಂದೂ ತಪ್ಪಾಯಿತೆಂದೂ ಹೇಳಿದರು.

“ಗೊತ್ತಮ್ಮ. ಮಗಳು ಓದಿ ಹೇಳಿದ್ಲು.”

“ಯಾವ್ದು, ಇವತ್ತಿಂದಾ?”

“ನಿನ್ನೇದು. ಇವತ್ತಿಂದು ನಂಗೆ ಬಂದಿಲ್ಲ.”

“ನಾಳೆ ಹತ್ತಕ್ಕೆ ಏಜೆನ್ಸಿ ಆಫೀಸಿಗೆ ಬಾಪ್ಪ. ನಾನೂ ಬರ್ತೀನಿ. ಎಲ್ಲಾ ವಿವರವಾಗಿ ಹೇಳ್ತೀನಿ.”



“ನೀವು ಬೇಡಮ್ಮ. ನೀವು ಚೆನ್ನಾಗಿ ಹೇಳ್ತೀರಿ, ಗೊತ್ತು. ಆ ಮಗುವಿನ ತಾಯಿ ಬರ್ತಾರಾ ಕೇಳಿ. ಅವ್ರು ಅಲ್ಲಿದ್ರು.”

ಪ್ರೂಫಮ್ಮ ಚಪ್ಪಲಿ ಮೆಟ್ಟಿಕೊಂಡು ಮೂರನೇ ಮಹಡಿಗೆ ಮೆಟ್ಟಿಲು ಹತ್ತತೊಡಗಿದರು.