ಹತ್ತರ ಜಾಗದಲ್ಲಿ ಹನ್ನೆರಡು

ಮೂಡಿಗೆರೆಯ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಅನಿಮೇಷನ್ ಸ್ಟುಡಿಯೋ ಇದೆ ಎಂದರೆ, ಕೆಳಗೆ ಯೂರಿಯಾ ಕೊಳ್ಳಲು ನಿಂತವರೇ ನಂಬುವುದಿಲ್ಲ. ಇದೆ ಸ್ವಾಮಿ, ನಾಲ್ಕು ಕಂಪ್ಯೂಟರಿನದು. ಮಾಲೀಕ ರೇಣುಕಪ್ರಸಾದ್. ಅಲ್ಲಿ ಒಂಬತ್ತು ವರ್ಷದಿಂದ ಹಿನ್ನೆಲೆ ಚಿತ್ರ ಬರೆಯುತ್ತಿರುವವಳು ತನುಜಾ. ಬೆಟ್ಟ ಅವಳದು, ಮರ ಅವಳದು, ರಸ್ತೆ ಅವಳದು. ಆದರೆ ಬೆಟ್ಟವನ್ನು ಯಾರು ಹೊಗಳುತ್ತಾರೆ ಹೇಳಿ? ಬಂದವರೆಲ್ಲ ಅದರ ಮುಂದೆ ನಡೆಯುವ ಗೊಂಬೆಯನ್ನೇ ನೋಡುತ್ತಾರೆ.

ಆ ಗೊಂಬೆಗಳನ್ನು ನಡೆಸುವ ಕೆಲಸಕ್ಕೆ ಧನ್ಯಾ ಸೇರಿ ಎಂಟು ತಿಂಗಳೂ ಆಗಿರಲಿಲ್ಲ. ಬಂದ ದಿನದಿಂದ "ಧನ್ಯಾ ಕೈ ನೋಡ್ರಪ್ಪ, ಏನು ಕೈ!" ಎಂಬ ಮಾತು ಕೇಳಿ ಕೇಳಿ ತನುಜಾಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಹುಡುಗಿ ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಸಮಾಧಾನವಾಗುತ್ತಿತ್ತು. ಅವಳೋ "ತನುಜಕ್ಕ, ತನುಜಕ್ಕ" ಎಂದು ಹಿಂದೆ ಮುಂದೆ ಸುತ್ತುತ್ತಾ, ಮನೆಯಿಂದ ತಂದ ಕಡುಬಿನಲ್ಲಿ ಅರ್ಧ ಇವಳ ಡಬ್ಬಿಗೇ ಹಾಕುತ್ತಿದ್ದಳು. ತನುಜಾ ಕಡುಬನ್ನೂ ತಿನ್ನುತ್ತಿದ್ದಳು, ಉರಿಯುತ್ತಲೂ ಇದ್ದಳು.

ಈ ಸಲದ ಕೆಲಸ ಬಣಕಲ್ಲಿನ ಒಂದು ಹೊಸ ಕಾಫಿ ಅಂಗಡಿಯದು. ಅಂಗಡಿಯ ಗೋಡೆಯ ದೊಡ್ಡ ಪರದೆಯಲ್ಲಿ, ತಲೆಯ ಮೇಲೆ ಕಾಫಿ ಹಣ್ಣಿನ ಚೀಲ ಹೊತ್ತ ಒಬ್ಬ ಅಜ್ಜಿ ಬೆಳಗಿಂದ ಸಂಜೆಯವರೆಗೆ ತೋಟದ ರಸ್ತೆಯಲ್ಲಿ ನಡೆಯುತ್ತಲೇ ಇರಬೇಕು. ಅದಕ್ಕಾಗಿ ಹಣ್ಣು ಕುಯ್ಯುವ ಗಿಡ್ಡಮ್ಮನ ನಡಿಗೆಯನ್ನು ಮೊಬೈಲಿನಲ್ಲಿ ತೆಗೆದು ತಂದಿದ್ದರು. "ಇದು ಯಾರಿಂದ ಚೆನ್ನಾಗಿ ಬರುತ್ತೋ ಮುಂದಿನ ಮಕ್ಕಳ ಸೀರಿಯಲ್ ಅವರ ಕೈಗೆ. ಹದಿಮೂರು ಕಂತು, ಅವರೇ ಹೆಡ್ಡು," ಎಂದಿದ್ದ ರೇಣುಕಪ್ರಸಾದ್. ಒಂಬತ್ತು ವರ್ಷದಿಂದ ತನುಜಾ ಕಾಯುತ್ತಿದ್ದುದು ಇದೇ ಮಾತಿಗೆ. ಅದನ್ನು ಹೇಳುವಾಗ ಆ ಮನುಷ್ಯ ನೋಡಿದ್ದು ಧನ್ಯಾಳ ಕಡೆಗೆ!

ಪರದೆಯ ಮೇಲಿನ ಅಜ್ಜಿ ನಿಜಕ್ಕೂ ಎಲ್ಲಿಗೂ ಹೋಗುವುದಿಲ್ಲ. ಎರಡು ಹೆಜ್ಜೆಗೆ ಇಪ್ಪತ್ನಾಲ್ಕು ಚಿತ್ರ, ಅಂದರೆ ಒಂದು ಸೆಕೆಂಡು. ಅದೇ ಮತ್ತೆ ಮತ್ತೆ. ಅವಳು ನಿಂತಲ್ಲೇ ಕಾಲು ಹಾಕುತ್ತಾಳೆ, ಊರೇ ಹಿಂದಕ್ಕೆ ಸರಿಯುತ್ತದೆ. ಎಲ್ಲವೂ ಒಂದೇ ವೇಗದಲ್ಲಿ ಸರಿದರೆ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಎಳೆದ ಹಾಗಿರುತ್ತದೆ. ಹಾಗಾಗಿ ತನುಜಾ ಪದರ ಪದರವಾಗಿ ಬರೆದಿದ್ದಳು. ದೂರದ ದೇವರಮನೆ ಗುಡ್ಡ ಫ್ರೇಮಿಗೆ, ಅಂದರೆ ಚಿತ್ರವೊಂದಕ್ಕೆ, ಒಂದೇ ಪಿಕ್ಸೆಲ್ ಸರಿಯಬೇಕು, ನಡುವಿನ ಸಿಲ್ವರ್ ಓಕ್ ಸಾಲು ಐದು, ಅಜ್ಜಿಯ ಕಾಲ ಕೆಳಗಿನ ರಸ್ತೆ ಹತ್ತು, ಕಣ್ಣ ಮುಂದೆಯೇ ಹಾಯುವ ಕಾಫಿ ಗಿಡದ ರೆಂಬೆ ಹದಿನಾರು. ಒಂದೊಂದು ಪದರದ ಬಲ ಅಂಚೂ ಅದರ ಎಡ ಅಂಚಿಗೆ ಕೂಡಬೇಕು, ಇಲ್ಲದಿದ್ದರೆ ಸುತ್ತು ಮುಗಿದಾಗ ಗುಡ್ಡ ಕತ್ತರಿಸಿದಂತೆ ಕಾಣುತ್ತದೆ. ತನುಜಾ ಚಿತ್ರವನ್ನು ಅರ್ಧಕ್ಕೆ ಸರಿಸಿ, ಆ ಎರಡು ಅಂಚು ನಡುವೆ ಬಂದು ಸೇರುವಂತೆ ಮಾಡಿ, ಬಿರುಕಿನ ಮೇಲೆ ಹುಲ್ಲು ಬರೆದು ಮುಚ್ಚುತ್ತಿದ್ದಳು. ಕೊಂಬೆ ಮುರಿದ ಒಂದು ಚೆಂದದ ಮರವನ್ನು ತಾನೇ ಅಳಿಸಿದ್ದಳು. ಎದ್ದು ಕಾಣುವ ಮರ ಎರಡನೇ ಸಲ ಬಂದರೆ ಸುತ್ತು ಬಯಲಾಗುತ್ತದೆ. ಅಳಿಸಿದ್ದನ್ನು ಯಾರು ಹೊಗಳುತ್ತಾರೆ?

ರಸ್ತೆಯ ಹತ್ತು ಎಂಬ ಲೆಕ್ಕ ಮಾತ್ರ ಧನ್ಯಾಳದು. ನೆಲಕ್ಕೂರಿದ ಕಾಲು ಪ್ರತಿ ಫ್ರೇಮಿಗೆ ಎಷ್ಟು ಹಿಂದಕ್ಕೆ ಹೋಗುತ್ತದೋ, ರಸ್ತೆಯೂ ಅಷ್ಟೇ ಹೋಗಬೇಕು. "ಹತ್ತು, ತನುಜಕ್ಕ," ಎಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲೊಂದು ಅಜ್ಜಿಯ ಮುಖ ಬಿಡಿಸಿ ಕೊಟ್ಟಿದ್ದಳು. ಆ ಮುಖವೂ ಜೀವಂತವಾಗಿತ್ತು, ಹಾಳಾದ್ದು.

ತನುಜಾ ಹನ್ನೆರಡು ಹಾಕಿದಳು.

ಎರಡೇ ಪಿಕ್ಸೆಲ್. ಅಷ್ಟರಲ್ಲೇ ಅಜ್ಜಿ ಜೇಡಿಮಣ್ಣಿನ ಮೇಲೆ ಕಾಲಿಟ್ಟವಳಂತೆ ಹೆಜ್ಜೆ ಹೆಜ್ಜೆಗೂ ಜಾರತೊಡಗಿದಳು. ರೇಣುಕಪ್ರಸಾದ್ ನೋಡಿ ಮುಖ ಸಿಂಡರಿಸಿದ. "ಏನಮ್ಮ ಧನ್ಯಾ, ಕಾಲೇ ನಿಲ್ತಿಲ್ವಲ್ಲ."

ಧನ್ಯಾ ಪೆಚ್ಚಾದಳು. "ಅಕ್ಕ, ಹತ್ತೇ ತಾನೇ ಹಾಕಿದ್ದು?"

"ನಾನು ಹಾಕೋದು ನೋಡ್ಕೊಂಡೇ ಹಾಕ್ತೀನಿ ಕಣೆ. ನೀನು ನಿನ್ನ ಕಾಲು ನೋಡ್ಕೋ," ಎಂದಳು ತನುಜಾ. ಎಷ್ಟು ಖುಷಿಯಾಯಿತೆಂದರೆ, ಅಂದು ಮಧ್ಯಾಹ್ನ ಎರಡು ಲೋಟ ಕಾಫಿ ಕುಡಿದಳು.

ಮೂರು ದಿನ ಧನ್ಯಾ ತಲೆ ಎತ್ತಲಿಲ್ಲ. ಕಡುಬೂ ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹೊಸ ನಡಿಗೆ ಬಂತು, ಹಾಕಿ ನೋಡಿದರೆ ಕಾಲು ನೆಲಕ್ಕೆ ಕಚ್ಚಿ ನಿಂತಿತ್ತು. ತನುಜಾ ಇನ್ನೊಮ್ಮೆ ಓಡಿಸಿ ನೋಡಿದಳು. ಇವಳು ಇದನ್ನೂ ಗೆದ್ದಳಲ್ಲ!

ಅವತ್ತೇ ಗಿಡ್ಡಮ್ಮನನ್ನು ಕರೆಸಿದ್ದರು, ತನ್ನ ನಡಿಗೆ ತಾನೇ ನೋಡಲಿ ಎಂದು. ಒಳ್ಳೆಯ ಸೀರೆ ಉಟ್ಟು ಬಂದ ಮುದುಕಿ ಕುರ್ಚಿಯ ತುದಿಯಲ್ಲಿ ಕೂತು ಪರದೆಯನ್ನು ನೋಡಿದಳು, ನೋಡಿದಳು, ಆಮೇಲೆ ನಕ್ಕಳು.

"ಇದ್ಯಾರು? ನಾನಂತೂ ಅಲ್ಲ."

"ನೀವೇ ಅಲ್ವಾ ಗಿಡ್ಡಮ್ಮ, ಸೀರೆ ನೋಡಿ," ಎಂದ ರೇಣುಕಪ್ರಸಾದ್.

"ಸೀರೆ ನಂದೇ ಮಾರಾಯ್ರೆ. ಕಾಲು ಯಾವ್ದೋ ಸಾಹುಕಾರ್ರದ್ದು. ತಲೆ ಮೇಲೆ ಹಣ್ಣಿನ ಚೀಲ ಇಟ್ಕೊಂಡು ಇಷ್ಟುದ್ದ ಹೆಜ್ಜೆ ಹಾಕಿದ್ರೆ ಕುತ್ತಿಗೆ ಉಳೀತದಾ? ನಾವು ಗಿಡ್ಡ ಗಿಡ್ಡ ಹೆಜ್ಜೆ ಇಟ್ಟು ಬಿರಬಿರನೆ ಹೋಗೋದು."

ರೇಣುಕಪ್ರಸಾದನ ಮುಖ ಇಳಿಯಿತು. ಧನ್ಯಾಳ ಕಡೆ ತಿರುಗಿ, "ಮೊದಲಿನದು ಜಾರ್ತಿತ್ತು, ಇದು ಅವರೇ ಅಲ್ಲ ಅಂತಾರೆ. ಸೀರಿಯಲ್ಲಿಗೆ ತನುಜಾನೇ ಇರ್ಲಿ ಬಿಡಮ್ಮ," ಎಂದ.

ಇಷ್ಟೇ. ಒಂಬತ್ತು ವರ್ಷ ಕಾದದ್ದು ಕೈಗೆ ಬಂದಿತ್ತು. ತನುಜಾ ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಮೊದಲಿನ ಹೆಜ್ಜೆ ಗಿಡ್ಡಾನೇ ಇತ್ತು ಸಾರ್," ಎಂದಳು ಧನ್ಯಾ. "ಅಳೆದು ನೋಡಿದೆ, ರಸ್ತೆ ಹನ್ನೆರಡು ಹೋಗ್ತಿತ್ತು. ಅಕ್ಕ ಹನ್ನೆರಡು ಇಟ್ಟಿದ್ದಾರೆ ಅಂದ್ರೆ ಏನೋ ಕಾರಣ ಇದ್ದೇ ಇರುತ್ತೆ, ಅವರು ತಪ್ಪು ಮಾಡಲ್ಲ ಅಂದ್ಕೊಂಡು ನಾನೇ ಹೆಜ್ಜೆ ಉದ್ದ ಮಾಡಿದೆ."

ಅಯ್ಯೋ, ಈ ಹುಡುಗಿ ಬೈದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಒಂಬತ್ತು ವರ್ಷದಲ್ಲಿ ತನುಜಾಳ ಕೆಲಸದ ಮೇಲೆ ಇಷ್ಟು ನಂಬಿಕೆಯ ಮಾತನ್ನು ಯಾರೂ ಆಡಿರಲಿಲ್ಲ. ಅದೂ ಈ ಹನ್ನೆರಡರ ಮೇಲೆ. ಅವಳು ಧನ್ಯಾಳ ಕಡೆಗೆ ತಿರುಗಿದಳು.

"ಹಳೇ ನಡಿಗೆ ಇಟ್ಟಿದ್ದೀಯಾ?" ಎಂದು ಕೇಳಿದಳು.

"ಇದೆ ಅಕ್ಕ."

"ಹಾಕು."

ಧನ್ಯಾ ಹಾಕಿದಳು. ತನುಜಾ ಎಲ್ಲರ ಎದುರಿಗೇ ರಸ್ತೆಯ ಪದರ ತೆರೆದು, ಹನ್ನೆರಡನ್ನು ಅಳಿಸಿ ಹತ್ತು ಒತ್ತಿದಳು. ಗುಡ್ಡ ಮೆಲ್ಲಗೆ ಸರಿಯಿತು, ಓಕ್ ಸಾಲು ಅದಕ್ಕಿಂತ ಬೇಗ, ರಸ್ತೆ ಇನ್ನೂ ಬೇಗ. ಅಜ್ಜಿ ಕಾಲೂರಿದ ಕಲ್ಲು ಕಾಲಿನ ಜೊತೆಗೇ ಹಿಂದೆ ಹೋಯಿತು. ಒಂದಿಷ್ಟೂ ಜಾರಲಿಲ್ಲ.

"ಹಾಂ! ಈಗ ನಾನು," ಎಂದು ಗಿಡ್ಡಮ್ಮ ತೊಡೆ ತಟ್ಟಿಕೊಂಡಳು. "ನೋಡಿ, ಸೊಂಟ ಹೆಂಗೆ ಹೋಗ್ತದೆ!"

"ನಾನೇ ಹನ್ನೆರಡು ಹಾಕಿದ್ದು ಸಾರ್," ಎಂದಳು ತನುಜಾ, ಪರದೆಯಿಂದ ಕಣ್ಣು ತೆಗೆಯದೆ. "ಕೈತಪ್ಪಿ ಅಲ್ಲ. ಬೇಕಂತಲೇ."

ಗಿಡ್ಡಮ್ಮನ ಎದುರಿಗೆ ರೇಣುಕಪ್ರಸಾದ್ ಬೈಯುವಂತಿರಲಿಲ್ಲ. ಕಾಫಿ ಕೊಡಿಸುವ ನೆಪ ಮಾಡಿ ಅವಳನ್ನು ಕೆಳಗೆ ಕರೆದುಕೊಂಡು ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು. ಎಂಬತ್ತು ಸೆಕೆಂಡಿನ ಸುತ್ತು ಮುಗಿದು ಎಲ್ಲ ಪದರವೂ ಮೊದಲಿನ ಜಾಗಕ್ಕೆ ಬಂದು ಸೇರಿತು. ಅಂಚು ಎಲ್ಲಿದೆ ಎಂದು ಬರೆದವಳಿಗೂ ಕಾಣಲಿಲ್ಲ.

ಧನ್ಯಾ ಅದನ್ನು ಪೂರ್ತಿ ಒಂದು ಸುತ್ತು ನೋಡಿದಳು. ಗುಡ್ಡವನ್ನೂ ನೋಡಿದಳು, ಮರವನ್ನೂ ನೋಡಿದಳು.

"ಹಿನ್ನೆಲೆ ತುಂಬಾ ಚೆನ್ನಾಗಿ ಬಂದಿದೆ," ಎಂದಳು. ತನ್ನ ಕಂಪ್ಯೂಟರಿನ ಕಡೆ ಕುರ್ಚಿ ತಿರುಗಿಸಿಕೊಂಡು ಮೆಲ್ಲಗೆ ಸೇರಿಸಿದಳು, "ಫೈಲ್ ಕಳಿಸಿಬಿಡಿ, ಮೇಡಂ."