ಅಂಜನಮ್ಮನ ಲ್ಯಾಪ್‌ಟಾಪಿನ ನಲವತ್ತೆಂಟು ಅಂಕಿ

ವಿಜಯನಗರದ ಮಾರೇನಹಳ್ಳಿಯ ಪಂಚಾಕ್ಷರಿ ಮೂರು ವರ್ಷ ಕೆಂಗೇರಿ ಕೆರೆಯ ತಳದಲ್ಲಿ ಬಿದ್ದಿದ್ದ ಲ್ಯಾಪ್‌ಟಾಪಿನಿಂದ ಒಂದು ಮದುವೆಯ ಅಷ್ಟೂ ಫೋಟೋಗಳನ್ನು ಹೊರತೆಗೆದಿದ್ದ. ತೆಗೆದ ಫೋಟೋಗಳನ್ನಷ್ಟೇ ಅಲ್ಲ, ಫೋಟೋಗ್ರಾಫರ್ ಊಟಕ್ಕೆ ಹೋಗಿದ್ದಾಗ ತೆಗೆಯದೇ ಬಿಟ್ಟ ಹನ್ನೊಂದು ಫೋಟೋಗಳನ್ನೂ. ಕೀಬೋರ್ಡಿನ ಅಡಿಯಲ್ಲಿ ಸಂಸಾರ ಹೂಡಿದ್ದ ಮೀನನ್ನು ಒಂದಿಷ್ಟೂ ನೋಯಿಸದೆ, ಮರಿಗಳ ಸಮೇತ ಕೆರೆಗೇ ಬಿಟ್ಟು ಬಂದಿದ್ದ.

ಇದನ್ನು ಹೇಳುತ್ತಿದ್ದವನು ಅವನೇ. ಕೇಳಿದವರು ನಗುತ್ತಿದ್ದರು, ನಕ್ಕವರು ಲ್ಯಾಪ್‌ಟಾಪನ್ನು ಅವನ ಕೈಗೇ ಕೊಟ್ಟು ಹೋಗುತ್ತಿದ್ದರು. ಬಡಾಯಿಯ ಮಹಿಮೆಯೇ ಅಂಥದ್ದು. ಮೀನು ಸುಳ್ಳಿರಬಹುದು, ಕೆರೆಯೂ ಸುಳ್ಳಿರಬಹುದು, ಆದರೂ ಏನೋ ಒಂದು ಚೂರು ನಿಜ ಇದ್ದೀತು ಎಂದು ಮನಸ್ಸು ತಾನಾಗಿಯೇ ಚೌಕಾಸಿಗೆ ಇಳಿಯುತ್ತದೆ. ಆ ಒಂದು ಚೂರಿನ ಮೇಲೆ ಪಂಚಾಕ್ಷರಿ ಹದಿನಾರು ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸಿದ್ದ. ಅಂಗಡಿಯೋ, ಗಿರಾಕಿಯೊಬ್ಬರು ಒಳಗೆ ಬಂದರೆ ಅವನು ಹೊಟ್ಟೆ ಒಳಗೆಳೆದುಕೊಳ್ಳಬೇಕು, ಅಷ್ಟು ವಿಶಾಲ.

ಸೋಮವಾರ ಬೆಳಿಗ್ಗೆ ಅವನು ಹೊಟ್ಟೆ ಒಳಗೆಳೆದುಕೊಂಡದ್ದು ಸುಂಕದಕಟ್ಟೆಯ ಅಂಜನಮ್ಮನಿಗಾಗಿ. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿ ಮಷಿನ್ ಇಟ್ಟುಕೊಂಡು ರವಿಕೆಗಳಿಗೆ ಕಸೂತಿ ಹಾಕಿಕೊಡುವ ಹೆಂಗಸು. ಲ್ಯಾಪ್‌ಟಾಪನ್ನು ಹಳೇ ಸೀರೆಯಲ್ಲಿ ಸುತ್ತಿ, ಹಸುಗೂಸನ್ನು ತರುವಂತೆ ತಂದಿದ್ದಳು.

"ಶನಿವಾರ ಅಪ್‌ಡೇಟು ಅಂತ ಏನೋ ಓಡ್ತಿತ್ತು, ನಡುವೆ ಕರೆಂಟ್ ಹೋಯ್ತು. ಬ್ಯಾಟರಿ ಸತ್ತು ಆರು ತಿಂಗಳಾಯ್ತಲ್ಲ, ಅಲ್ಲೇ ಆರೋಯ್ತು. ಆವತ್ತಿಂದ ನೀಲಿ ಪರದೆ, ಏನೋ ನಂಬರ್ ಕೇಳ್ತದೆ. ನಮ್ಮನೆ ಹತ್ರದೋನು ಫಾರ್ಮ್ಯಾಟ್ ಮಾಡ್ಬಿಡ್ತೀನಿ ಅಂದ. ಕೈಯಿಂದ ಕಿತ್ಕೊಂಡು ಬಂದೆ."

"ಒಳಗೇನಿದೆ ಅಮ್ಮ?"

"ಏಳ್ನೂರು ಡಿಸೈನು. ಒಂದೊಂದೂ ನಾನೇ ಕೂತು ಮಾಡಿದ್ದು. ಬೇರೆ ಎಲ್ಲೂ ಇಲ್ಲ."

ಅವಳ ಸಂಕಟ ಇಷ್ಟು. ಮಷಿನ್‌ಗೆ ಹಾಕುವ ಪೆನ್‌ಡ್ರೈವಿನಲ್ಲಿ ಇದ್ದದ್ದು ಬರೀ ಹೊಲಿಗೆಯ ಫೈಲು, ಸೂಜಿ ಎಲ್ಲೆಲ್ಲಿ ಇಳಿಯಬೇಕೆಂಬ ಪಟ್ಟಿ. ಅದನ್ನು ಹಿಗ್ಗಿಸಿದರೆ ದಾರಗಳ ನಡುವೆ ಬಟ್ಟೆ ಕಾಣುತ್ತದೆ, ಕುಗ್ಗಿಸಿದರೆ ಗಂಟುಗಂಟಾಗುತ್ತದೆ. ಅಳತೆ ಬದಲಿಸಬೇಕಾದರೆ ಮೂಲ ಡಿಸೈನೇ ಬೇಕು. ರಾಜಾಜಿನಗರದ ನೃತ್ಯಶಾಲೆಯೊಂದು ಮೂವತ್ತು ರವಿಕೆ ಹೇಳಿತ್ತು. ಎಲ್ಲದಕ್ಕೂ ಒಂದೇ ನವಿಲು, ಆದರೆ ಎಂಟು ವರ್ಷದ ಹುಡುಗಿಯಿಂದ ಹಿಡಿದು ಟೀಚರಮ್ಮನವರೆಗೆ ಒಂದೊಂದು ಅಳತೆ. ಗುರುವಾರ ಕೊಡಬೇಕು.

"ಇಷ್ಟೇನಾ?" ಎಂದ ಪಂಚಾಕ್ಷರಿ. "ಕೆರೆಗೆ ಬಿದ್ದಿದ್ದನ್ನೇ ತೆಗ್ದೋನು ನಾನು. ಹಲಸಿನ ಹಣ್ಣಿಂದ ಬೀಜ ತೆಗ್ದಂಗೆ, ಫೈಲೆಲ್ಲ ಕೂತಿರೋ ಎಸ್ಎಸ್‌ಡಿ ತೆಗ್ದು, ಇನ್ನೊಂದು ಕೇಸಿಗೆ ಹಾಕಿ ಕಾಪಿ ಮಾಡ್ಕೊಡ್ತೀನಿ. ಕಾಫಿ ಕುಡಿಯೋದ್ರೊಳಗೆ."

ನೀಲಿ ಪರದೆಯ ಫೋಟೋವನ್ನು ಅಭ್ಯಾಸಬಲದಿಂದ ಮೊಬೈಲಿನಲ್ಲಿ ತೆಗೆದುಕೊಂಡು ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದ. ತಳ ತೆಗೆದ. ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಬೀಜ ಇರಲಿಲ್ಲ. ಎಸ್ಎಸ್‌ಡಿ ಸಿಕ್ಕಿಸುವ ಜಾಗವೇ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ಹೆಬ್ಬೆರಳುಗುರಿನಷ್ಟು ಕಪ್ಪು ಚಿಪ್ಪೊಂದು ಬೆಸುಗೆಯಲ್ಲಿ ಕೂತು ಅವನನ್ನೇ ನೋಡುತ್ತಿತ್ತು. ಲ್ಯಾಪ್‌ಟಾಪು ತೆಳ್ಳಗಿರಲೆಂದು ಕಂಪನಿಯವರು ನೆನಪನ್ನೇ ಬೋರ್ಡಿಗೆ ಬೆಸೆದುಬಿಟ್ಟಿದ್ದರು.

"ಬಂತಾ?" ಎಂದಳು ಅಂಜನಮ್ಮ.

"ಬರ್ತಾ ಇದೆ."

ತಳ ಮುಚ್ಚಿದ. ಕಳಚಲಾಗದ್ದನ್ನು ಇದ್ದಲ್ಲೇ ಓದಬೇಕು, ಅಷ್ಟು ಅವನಿಗೆ ಗೊತ್ತಿತ್ತು. ಲಿನಕ್ಸ್ ಇದ್ದ ಪೆನ್‌ಡ್ರೈವ್ ಚುಚ್ಚಿ, ಲ್ಯಾಪ್‌ಟಾಪು ತನ್ನ ವಿಂಡೋಸಿನಿಂದ ಶುರುವಾಗದೆ ಪೆನ್‌ಡ್ರೈವಿನಿಂದ ಏಳುವಂತೆ ಮಾಡಿದ. ಎದ್ದಿತು! ಡಿಸ್ಕೂ ಕಾಣಿಸಿತು, ಆದರೆ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ. ಒತ್ತಿದರೆ ಇದೂ ಕೀಲಿ ಕೇಳಿತು. ಇಡೀ ಡಿಸ್ಕನ್ನು ವಿಂಡೋಸು ಗೂಢಲಿಪಿ ಮಾಡಿಟ್ಟಿತ್ತು. ನೀಲಿ ಪರದೆ ಕೇಳುತ್ತಿದ್ದ ನಂಬರೂ ಇದೇ, ಆರಾರು ಅಂಕಿಯ ಎಂಟು ಗುಂಪು, ಒಟ್ಟು ನಲವತ್ತೆಂಟು.

"ಸ್ವಲ್ಪ ಸೂಕ್ಷ್ಮ ಕೆಲ್ಸ. ಇಲ್ಲೇ ಕೂತಿರಿ, ಲ್ಯಾಬಿಗೆ ಹೋಗ್ಬರ್ತೀನಿ" ಎಂದು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಲ್ಯಾಬು ಎಂದರೆ ಎರಡು ಬೀದಿ ಆಚೆ, ನೆಲಮಾಳಿಗೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತಿದ್ದ ಗಿರಿರಾಜ್. ಚಿಪ್ ಮಟ್ಟದ ಬೆಸುಗೆಯಲ್ಲಿ ಅವನಷ್ಟು ಸ್ಥಿರವಾದ ಕೈ ವಿಜಯನಗರದಲ್ಲಿ ಇನ್ನೊಂದಿರಲಿಲ್ಲ. ಅವನಷ್ಟು ಕಡಿಮೆ ಮಾತೂ ಇರಲಿಲ್ಲ.

"ಬಿಸಿಗಾಳಿ ಬಿಟ್ಟು ಆ ಚಿಪ್ ಎಬ್ಸಿಬಿಡು ಗುರು" ಎಂದ ಪಂಚಾಕ್ಷರಿ.

"ಎಬ್ಬಿಸಿ?"

"ಓದೋದು."

"ಓದಿದ್ರೂ ಗೂಢಲಿಪಿನೇ ಬರ್ತದೆ. ತಾನಾಗಿ ಬೀಗ ತೆಗೆಯೋ ಗುಟ್ಟು ಈ ಬೋರ್ಡಿಗೇ ಕಟ್ಕೊಂಡಿದೆ. ಚಿಪ್ ಬಿಡಿಸಿದ್ರೆ ಬೋರ್ಡೂ ಹೋಯ್ತು, ಡೇಟಾನೂ ಹೋಯ್ತು. ಬೋರ್ಡ್ ಜೀವಂತ ಇದೆ, ಡಿಸ್ಕ್ ಕಾಣ್ತಿದೆ. ಮುಟ್ಟಬೇಡ. ಕೀಲಿ ಹುಡುಕು."

"ಎಲ್ಲಿ?"

"ಮೊದಲ ದಿನ ಯಾವ ಇಮೇಲ್ ಹಾಕಿ ಸೆಟಪ್ ಮಾಡಿದ್ರೋ ಆ ಅಕೌಂಟಲ್ಲಿ ತಾನಾಗೇ ಹೋಗಿ ಕೂತಿರ್ತದೆ. ಆಯಮ್ಮನ್ನೇ ಕೇಳು." ಗಿರಿರಾಜ್ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಒಂದು ಕ್ಷಣ ಬಿಟ್ಟು, "ಇದನ್ನ ಮಾರಿದ್ದು ಯಾರು?" ಎಂದ.

ಪಂಚಾಕ್ಷರಿ ಲ್ಯಾಪ್‌ಟಾಪು ಎತ್ತಿಕೊಂಡು ಮೆಟ್ಟಿಲು ಹತ್ತಿದ.

ಮಾರಿದ್ದು ಅವನೇ. ಹೊಸ ಲ್ಯಾಪ್‌ಟಾಪು ಮೊದಲ ಸಲ ಹಚ್ಚಿದಾಗ ಇಮೇಲ್ ಕೊಡು ಎಂದು ಹಟ ಹಿಡಿಯುತ್ತದೆ. ಅಂಗಡಿಗೆ ಬರುವ ಅರ್ಧ ಜನಕ್ಕೆ ಇಮೇಲ್ ಇಲ್ಲ, ಇನ್ನರ್ಧಕ್ಕೆ ಪಾಸ್‌ವರ್ಡ್ ನೆನಪಿಲ್ಲ. ಅದಕ್ಕೆ ಪಂಚಾಕ್ಷರಿ ತನ್ನದನ್ನೇ ಹಾಕಿ ಬಾಗಿಲು ದಾಟಿಸಿ, ಆಮೇಲೆ ಗಿರಾಕಿಯ ಹೆಸರು ಕೂರಿಸಿ ಕೊಟ್ಟುಬಿಡುತ್ತಿದ್ದ. ಹತ್ತು ನಿಮಿಷದ ಉಳಿತಾಯ. ಆ ಹತ್ತು ನಿಮಿಷದಲ್ಲಿ ಲ್ಯಾಪ್‌ಟಾಪು ಸದ್ದಿಲ್ಲದೆ ಬೀಗ ಹಾಕಿಕೊಂಡು, ಕೀಲಿಯನ್ನು ಅವನ ಅಕೌಂಟಿಗೆ ಕಳಿಸಿಬಿಡುತ್ತಿತ್ತು. ಇದು ಅವನಿಗೆ ಈವರೆಗೆ ಹೊಳೆದಿರಲೇ ಇಲ್ಲ.

ಹೂವಿನವಳ ಗಾಡಿಯ ಪಕ್ಕ ನಿಂತು ಮೊಬೈಲು ತೆಗೆದ. ಅಕೌಂಟಿಗೆ ಹೋಗಿ ಕೀಲಿಗಳ ಪುಟ ತೆರೆದ. ಒಂದಲ್ಲ, ಎರಡಲ್ಲ, ನಲವತ್ತೊಂದು. ಸುಂಕದಕಟ್ಟೆಯಿಂದ ಬಸವೇಶ್ವರನಗರದವರೆಗಿನ ನಲವತ್ತೊಂದು ಮನೆಗಳ ಬೀಗದ ಕೈ ಅವನ ಜೇಬಿನಲ್ಲಿತ್ತು. ಅವರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅವನಿಗೆ ಮೊದಲು ಬಂದದ್ದು ಹೆಮ್ಮೆ, ಅದು ಅಭ್ಯಾಸ. ಅದರ ಹಿಂದೆಯೇ ಲೆಕ್ಕ ಹಾಕತೊಡಗಿದ. ಇಷ್ಟು ವರ್ಷದಲ್ಲಿ ಇದೇ ನೀಲಿ ಪರದೆ ಹಿಡಿದುಕೊಂಡು ಇನ್ನೂ ಯಾರೋ ಬಂದಿರಬೇಕು. ಬಂದಿದ್ದರು. ಟ್ಯೂಷನ್ ಮಾಡುತ್ತಿದ್ದ ಶಿವರಂಜನಿ ಎಂಬಾಕೆ ಬಂದಿದ್ದಳು. "ಏನೂ ಉಳಿದಿಲ್ಲಮ್ಮ, ಫಾರ್ಮ್ಯಾಟೇ ಗತಿ" ಎಂದು ಅವನೇ ಹೇಳಿದ್ದ. ಆಕೆ ತಲೆಯಾಡಿಸಿದ್ದು ಈಗ ನೆನಪಾಯಿತು.

ಅಂಗಡಿಯ ಮೆಟ್ಟಿಲು ಹತ್ತುವವರೆಗೂ ನಿಜ ಹೇಳಬೇಕೆಂದೇ ಇದ್ದ. ಆದರೆ ಅಂಜನಮ್ಮ ತಲೆ ಎತ್ತಿ ನೋಡಿದ ಆ ನೋಟವಿತ್ತಲ್ಲ, ಅದರ ಮುಂದೆ ಬಾಯಿ ತನ್ನ ಹಳೇ ದಾರಿಯನ್ನೇ ಹಿಡಿಯಿತು.

"ಭಾರಿ ಬೀಗ ಅಮ್ಮ! ದೆಹಲೀಲಿ ನನ್ನ ಗೆಳೆಯ ಒಬ್ಬ ಇದಾನೆ, ಮಿಲಿಟ್ರಿ ಕೋಡ್ ಒಡೆಯೋನು. ಅವನೂ ನಾನೂ ಸೇರಿ ನಲವತ್ತೆಂಟು ಅಂಕಿ ಒಡೆದ್ವಿ. ಬೆವರು ಕಿತ್ತು ಬಂತು."

ನೀಲಿ ಪರದೆಯ ಫೋಟೋದಲ್ಲಿ ಕೀಲಿಯ ಗುರುತಿನ ಸಂಖ್ಯೆ ಇತ್ತು. ಅದಕ್ಕೆ ಹೊಂದುವ ಕೀಲಿಯನ್ನು ಪಟ್ಟಿಯಲ್ಲಿ ಹುಡುಕಿಟ್ಟುಕೊಂಡಿದ್ದ. ಈಗ ಲ್ಯಾಪ್‌ಟಾಪನ್ನು ಮತ್ತೆ ಪೆನ್‌ಡ್ರೈವಿನಿಂದ ಎಬ್ಬಿಸಿ, ಮೊಬೈಲನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಟೈಪ್ ಮಾಡತೊಡಗಿದ. ತಪ್ಪಾಯಿತು. ಎರಡನೇ ಸಲವೂ ತಪ್ಪಾಯಿತು, ಅಂಗೈ ಮರೆಯಲ್ಲಿ ಅಂಕಿಗಳು ಸರಿಯಾಗಿ ಕಾಣುತ್ತಿರಲಿಲ್ಲ.

"ಕೊಡಿ ಇಲ್ಲಿ" ಎಂದು ಅಂಜನಮ್ಮ ಮೊಬೈಲ್ ತೆಗೆದುಕೊಂಡೇ ಬಿಟ್ಟಳು. "ನಾನು ಓದ್ತೀನಿ, ನೀವು ಒತ್ತಿ. ಹೊಲಿಗೆ ಲೆಕ್ಕ ಓದಿ ಓದಿ ಅಭ್ಯಾಸ ನಂಗೆ."

ಆರಾರು ಅಂಕಿಯಾಗಿ, ತಡವರಿಸದೆ ಎಂಟು ಸಲ ಓದಿದಳು. ಎಂಟನೆಯದು ಮುಗಿದು ಎಂಟರ್ ಒತ್ತಿದಾಗ ಬೀಗದ ಚಿತ್ರ ಮಾಯವಾಯಿತು. ಫೋಲ್ಡರುಗಳು ಸಾಲಾಗಿ ಬಂದವು: ಮಾವು, ಹಂಸ, ರುದ್ರಾಕ್ಷಿ, ನವಿಲು. ಪಂಚಾಕ್ಷರಿ ಎಕ್ಸ್‌ಟರ್ನಲ್ ಡ್ರೈವ್ ಚುಚ್ಚಿ ಕಾಪಿಗೆ ಹಾಕಿದ. ಗೆದ್ದವನಂತೆ ತಿರುಗಿದ.

ಅಂಜನಮ್ಮ ಪರದೆಯ ಕಡೆ ನೋಡುತ್ತಿರಲಿಲ್ಲ. ಮೊಬೈಲನ್ನೇ ನೋಡುತ್ತಿದ್ದಳು.

"ಇಲ್ಲಿ ತಾರೀಖು ಇದೆ. ಆಗಸ್ಟ್ ಇಪ್ಪತ್ತೈದು."

"ಅದು... ಕಂಪ್ಯೂಟರ್ ತಾರೀಖು."

"ಆವತ್ತು ವರಮಹಾಲಕ್ಷ್ಮಿ ಹಬ್ಬ ಕಣಣ್ಣ. ನಿಮ್ಮ ಅಂಗಡಿಯಿಂದ ಸೀದಾ ತಗೊಂಡೋಗಿ ಕಲಶದ ಪಕ್ಕ ಇಟ್ಟಿದ್ದೆ." ಲ್ಯಾಪ್‌ಟಾಪಿನ ಮೂಲೆಯಲ್ಲಿ ಮಾಸಿದ ಕುಂಕುಮದ ಬೊಟ್ಟನ್ನು ಬೆರಳಲ್ಲಿ ಮುಟ್ಟಿದಳು. "ಇವತ್ತು ಒಡೆದ ಬೀಗಕ್ಕೆ ಆವತ್ತಿನ ತಾರೀಖು ಹೆಂಗೆ ಬಂತು? ಮೇಲೆ ನಿಮ್ಮ ಹೆಸರೂ ಇದೆ."

ಪಂಚಾಕ್ಷರಿಯ ತಲೆಯಲ್ಲಿ ಮೂರು ಹೊಸ ಕತೆಗಳು ಎದ್ದು ನಿಂತವು. ಒಂದರಲ್ಲಿ ಉಪಗ್ರಹವೂ ಇತ್ತು. ಮೂರನ್ನೂ ಕೂರಿಸಿದ.

"ದೆಹಲೀಲಿ ಯಾರೂ ಇಲ್ಲಮ್ಮ" ಎಂದ. "ನಾನೇನೂ ಒಡೀಲಿಲ್ಲ. ಆವತ್ತು ನನ್ನ ಇಮೇಲ್ ಹಾಕಿ ಸೆಟಪ್ ಮಾಡ್ದೆ. ಕೀಲಿ ನನ್ನತ್ರನೇ ಬಂದು ಕೂತಿತ್ತು, ನಂಗೇ ಗೊತ್ತಿರ್ಲಿಲ್ಲ. ಇವತ್ತು ಇನ್ನೊಬ್ಬ ಹೇಳಿದ ಮೇಲೆ ಗೊತ್ತಾಯ್ತು. ನಾನು ಆ ಚಿಪ್ಪನ್ನೇ ಕೀಳ್ಸೋಕೆ ಹೋಗಿದ್ದೆ. ಕಿತ್ತಿದ್ರೆ ನಿಮ್ಮ ಏಳ್ನೂರೂ ಹೋಗ್ತಿತ್ತು."

ಅಂಜನಮ್ಮ ಬಯ್ಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಕಾಪಿ ಮುಗಿಯುವವರೆಗೆ ಕೂತಳು, ಒಂದೊಂದೇ ಫೋಲ್ಡರ್ ತೆರೆಸಿ ಹೆಸರೂ ಗಾತ್ರವೂ ನೋಡಿಕೊಂಡಳು. ನವಿಲನ್ನು ಎರಡು ಸಲ ನೋಡಿದಳು. ನಲವತ್ತೆಂಟು ಅಂಕಿಯನ್ನು ತನ್ನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ದಪ್ಪಗೆ ಬರೆದುಕೊಂಡಳು. ಆಮೇಲೆ ಮೊಬೈಲನ್ನು ಮೇಜಿನ ಮೇಲಿಟ್ಟು ಅವನ ಕಡೆ ತಳ್ಳಿದಳು.

"ಇನ್ನೂ ನಲವತ್ತು ಜನರದ್ದು ಇದೆ ಇದ್ರಲ್ಲಿ."

"ಹೂಂ."

"ಅವರಿಗೆ ಯಾರು ಹೇಳ್ತಾರೆ?"

ಅವನು ನಂಬರು ಹುಡುಕಿದ. ಮೊದಲು ಶಿವರಂಜನಿಗೇ ಮಾಡಬೇಕು. ಆಕೆಗೆ ಈಗ ಏನು ಹೇಳಿದರೂ ಫಾರ್ಮ್ಯಾಟ್ ಆದದ್ದು ಬರುವುದಿಲ್ಲ; ಅದಕ್ಕೇ ಆಕೆಗೆ ಮೊದಲು. ಫೋನು ಆ ಕಡೆ ರಿಂಗಾಗುತ್ತಿತ್ತು. ಬಾಗಿಲವರೆಗೆ ಹೋಗಿದ್ದ ಅಂಜನಮ್ಮ ಸೀರೆಯ ಗಂಟನ್ನು ಎದೆಗವಚಿಕೊಂಡು ತಿರುಗಿದಳು.

"ಅಲ್ಲಾ, ಆ ಕೆಂಗೇರಿ ಕೆರೆ ಲ್ಯಾಪ್‌ಟಾಪು?"

ಪಂಚಾಕ್ಷರಿ ಫೋನನ್ನು ಕಿವಿಯಿಂದ ಕೊಂಚ ದೂರ ಹಿಡಿದ.

"ಕೆರೆ ಅಲ್ಲ, ಬಕೆಟ್ಟು. ಲ್ಯಾಪ್‌ಟಾಪಲ್ಲ, ಮೌಸು" ಎಂದ. "ಅದೂ ಸರಿಹೋಗ್ಲಿಲ್ಲ."